ಆಯಿಯ ಜಮಖಾನೆ, ಹೊಳೆಯುವ ಟೈಲ್ಸು

ಹೋದ ವರ್ಷ ದೀಪಾವಳಿಗೆ ಮೊದಲು ನಮ್ಮ ಮನೆಯ ನೆಲ ಬದಲಾಯಿತು. ಪಡಸಾಲೆಯಲ್ಲಿದ್ದ ಶಹಾಬಾದ ಫರಸಿ ಕಿತ್ತು, ಎರಡು ಅಡಿಗೆ ಎರಡು ಅಡಿಯ ಹೊಳೆಯುವ ಟೈಲ್ಸು ಹಾಕಿಸಿದೆವು. ಮೇಸ್ತ್ರಿ ಕೆಲಸ ಮುಗಿಸಿ ಹೋದ ದಿನ ಅವ್ವ ಎರಡು ಸಲ ನೆಲ ಒರೆಸಿದಳು. ಕರೆಂಟಿನ ದೀಪ ನೆಲದಾಗೂ ಕಾಣತಿತ್ತು. ಊರ ಮಂದಿ ಬಂದು ನೋಡಿ, 'ಚಲೋ ಆಗೇತಿ ಬಿಡ್ರಿ' ಅಂದು ಹೋದರು.

ಅದಾಗಿ ಮೂರು ವಾರಕ್ಕೆ ನಮ್ಮ ಆಯಿ ಬಚ್ಚಲು ಬಾಗಿಲ ಮುಂದೆ ಬಿದ್ದಳು.

ಆಯಿ ಜಾರಿದ್ದು ಟೈಲ್ಸಿನ ಮೇಲಲ್ಲ, ಟೈಲ್ಸಿನ ಮೇಲೆ ಹಾಸಿದ್ದ ಕಾಲೊರೆಸಿನ ಮೇಲೆ. ಜಾರಬಾರದು ಎಂದೇ ಅದನ್ನು ಅಲ್ಲಿ ಹಾಕಿದ್ದೆವು. ಆಕೆ ಕಾಲಿಟ್ಟಳು, ಕಾಲೊರೆಸು ಕಾಲನ್ನು ಹೊತ್ತುಕೊಂಡು ಮುಂದೆ ಹೋಯಿತು, ಮೈ ಹಿಂದೆ ಉಳಿಯಿತು. ಬೀಳುವಾಗ ಆಯಿ ಬಲಗೈ ಊರಿದಳು. ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು.

'ಸೊಂಟ ಮುರಿದಿಲ್ಲ, ಪುಣ್ಯ ಅನ್ರಿ' ಎಂದರು ಡಾಕ್ಟರು. ಹೌದು, ಆ ವಯಸ್ಸಿನಲ್ಲಿ ಸೊಂಟ ಮುರಿದರೆ ಎದ್ದು ಓಡಾಡುವುದೇ ಕಷ್ಟ. ಅಪ್ಪ ಆ ಸಂಜೆಯೇ ಮನೆಯಲ್ಲಿದ್ದ ಕಾಲೊರೆಸು, ಚಾಪೆ, ಜಮಖಾನೆ ಎಲ್ಲ ಸುತ್ತಿ ಅಟ್ಟಕ್ಕೆ ಹಾಕಿದ. ಆದರೆ ಆಯಿ ಕೇಳಲಿಲ್ಲ. ಬೆಳಗಿನ ಜಾವ ಮಂಚದಿಂದ ಇಳಿದರೆ ಟೈಲ್ಸು ಮಂಜುಗಡ್ಡೆಯಂತೆ ಇರತದ, ಕಾಲು ಹಿಡಿದುಕೊಳ್ಳತಾವ ಎಂದಳು. ಪ್ಲಾಸ್ಟರು ಹಾಕಿದ ಕೈ ಎದೆಗೆ ಕಟ್ಟಿಕೊಂಡು, 'ನನ್ನ ಜಮಖಾನಿ ಎಲ್ಲಿ ಒಗದೀರಿ?' ಎಂದು ದಿನಾ ಕೇಳುತ್ತಿದ್ದಳು.

ಆ ಜಮಖಾನೆ ಅಪ್ಪನ ಮದುವೆಯ ಹೊತ್ತಿಗೆ ನವಲಗುಂದದಿಂದ ತಂದದ್ದು. ನವಲಗುಂದ ನಮ್ಮ ಧಾರವಾಡ ಜಿಲ್ಲೆಯ ಊರು. ಅಲ್ಲಿನ ಹೆಣ್ಣುಮಕ್ಕಳು ಮನೆಯಲ್ಲೇ ನಿಲ್ಲಿಸಿದ ಮಗ್ಗದಲ್ಲಿ ನೇಯುವ ಹತ್ತಿ ಜಮಖಾನೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ನಮ್ಮ ಮನೆಯದು ಮೂರು ಅಡಿ ಅಗಲ, ಆರು ಅಡಿ ಉದ್ದ. ಫರಸಿಯ ಮೇಲೆ ಅಷ್ಟು ವರ್ಷ ಇದ್ದರೂ ಒಂದು ದಿನ ಯಾರನ್ನೂ ಬೀಳಿಸಿದ್ದಿಲ್ಲ. ಹಾಗಾದರೆ ತಪ್ಪು ಯಾರದು? ನೆಲದ್ದೋ, ಹಾಸಿನದ್ದೋ?

ನಾವು ಅಕ್ಕ-ತಮ್ಮ ಇಬ್ಬರು. ಒಬ್ಬರು ಪತ್ರಿಕೋದ್ಯಮ ಓದಿದವರು, ಇನ್ನೊಬ್ಬರು ಐಟಿಐ ಮುಗಿಸಿ ಗ್ಯಾರೇಜಿನಲ್ಲಿ ಕೆಲಸ ಮಾಡುವವರು. ಪ್ರಶ್ನೆ ಕೇಳುವುದು ಒಬ್ಬರ ಚಟ, ಬಿಚ್ಚಿ ನೋಡುವುದು ಇನ್ನೊಬ್ಬರ ಚಟ. ಮೊದಲು ಆಯಿಯನ್ನು ಬೀಳಿಸಿದ ಆ ಕಾಲೊರೆಸನ್ನೇ ಹಿಡಿದು ಕುಳಿತೆವು.

ಮೇಲೆ ಮೆತ್ತನೆಯ ಹತ್ತಿ ಎಳೆ, ಕೆಳಗೆ ತೆಳ್ಳಗಿನ ರಬ್ಬರ್ ಲೇಪ. ತಂದಾಗ ನೆಲಕ್ಕೆ ಅಂಟಿದಂತೆ ಕೂರುತ್ತಿತ್ತು. ಈಗ ತಿರುವಿ ಮಡಚಿದರೆ ರಬ್ಬರಿನ ಮೇಲೆ ಬೇಸಿಗೆಯ ಎರೆ ಹೊಲದಂತೆ ಬಿರುಕು. ಬೆರಳು ಉಜ್ಜಿದರೆ ಬಿಳಿ ಪುಡಿ. ಎರಡು ಮೂರು ಕಡೆ ರಬ್ಬರೇ ಉದುರಿ ಬಟ್ಟೆ ಕಾಣುತ್ತಿತ್ತು. ವಾರಕ್ಕೊಮ್ಮೆ ಅವ್ವ ಅದನ್ನು ಬಿಸಿನೀರಿಗೆ ಸೋಡಾ ಹಾಕಿ ನೆನೆಸಿ, ಕುಕ್ಕಿ ಒಗೆದು, ತಗಡಿನ ಮೇಲೆ ಬಿಸಿಲಿಗೆ ಒಣಹಾಕುತ್ತಿದ್ದಳು. ಸ್ವಚ್ಛ ಇರಲಿ ಎಂಬುದೇ ಅವಳ ಉದ್ದೇಶ. ಆದರೆ ಬಿಸಿನೀರು, ಸೋಡಾ, ಸುಡುವ ಬಿಸಿಲು, ಈ ಮೂರೂ ರಬ್ಬರಿಗೆ ಆಗಿಬರುವುದಿಲ್ಲ. ರಬ್ಬರು ಗಟ್ಟಿಯಾಗುತ್ತದೆ, ಆಮೇಲೆ ಬಿರಿಯುತ್ತದೆ, ಆಮೇಲೆ ಪುಡಿಯಾಗುತ್ತದೆ. ಆ ಪುಡಿ ನೆಲದ ಮೇಲೆ ಬಿದ್ದು ಪೌಡರ್ ಹಾಕಿದಂತಾಗಿ ಜಾರಿಕೆ ಇನ್ನೂ ಹೆಚ್ಚುತ್ತದೆ. ಮೇಲಿನ ಹತ್ತಿ ಮಾತ್ರ ಹೊಸದರಂತೆಯೇ ಇತ್ತು. ಹಾಸು ಹಳತಾಯಿತೋ ಇಲ್ಲವೋ ಎಂದು ನಾವೆಲ್ಲ ಮೇಲಿನಿಂದ ನೋಡುತ್ತೇವೆ. ನೋಡಬೇಕಾದ್ದು ಕೆಳಗಡೆ.

ಆಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿದೆವು. ಇದನ್ನು ಯಾರ ಮನೆಯಲ್ಲಾದರೂ ಮಾಡಬಹುದು. ಕೆಲಸ ಮುಗಿದ ಮೇಲೆ ಒಂದೆರಡು ಟೈಲ್ಸು ಉಳಿದೇ ಇರುತ್ತವೆ. ಅಂಥ ಒಂದು ಟೈಲ್ಸನ್ನು ಕಟ್ಟೆಯ ಮೇಲೆ ಅಡ್ಡ ಇಟ್ಟೆವು. ಮನೆಯಲ್ಲಿ ಸಿಕ್ಕ ಒಂದೊಂದು ಹಾಸಿನಿಂದ ಅಂಗೈ ಅಗಲದ ತುಂಡು ಕತ್ತರಿಸಿದೆವು. (ಜಮಖಾನೆಗೆ ಕತ್ತರಿ ಹಚ್ಚಲು ಆಯಿ ಬಿಡಲಿಲ್ಲ, ಅದರ ಮೂಲೆಯೊಂದನ್ನೇ ಮಡಚಿ ಇಡಬೇಕಾಯಿತು.) ತುಂಡಿನ ಮೇಲೆ ಜೋಳ ತುಂಬಿದ ಸಣ್ಣ ಗಂಟು ದಾರದಿಂದ ಕಟ್ಟಿ ಟೈಲ್ಸಿನ ಮೇಲೆ ಇಟ್ಟು, ಟೈಲ್ಸಿನ ಒಂದು ಅಂಚನ್ನು ನಿಧಾನಕ್ಕೆ ಎತ್ತುತ್ತ ಹೋದೆವು. ತುಂಡು ಜಾರಲು ಶುರುವಾದಾಗ ಎತ್ತಿದ ಅಂಚು ಎಷ್ಟು ಎತ್ತರದಲ್ಲಿದೆ ಎಂದು ಟೇಪು ಹಿಡಿದು ನೋಡುವುದು. ಹೆಚ್ಚು ಎತ್ತಿದರೂ ಜಾರದಿದ್ದರೆ ಹಿಡಿತ ಹೆಚ್ಚು.

ಎಲ್ಲಕ್ಕಿಂತ ಮೊದಲು ಜಾರಿದ್ದು ಬಣ್ಣಬಣ್ಣದ ಪ್ಲಾಸ್ಟಿಕ್ ಚಾಪೆ. ಹದಿನಾಲ್ಕು ಸೆಂಟಿಮೀಟರಿಗೇ ಹೊರಟುಬಿಟ್ಟಿತು. ಜಮಖಾನೆ ಹದಿನೆಂಟರ ಹತ್ತಿರ. ಗೋಣಿ ತಟ್ಟು, ಕಂಬಳಿ, ಕೆಳಗೇನೂ ಲೇಪವಿಲ್ಲದ ತೆಂಗಿನ ನಾರಿನ ಕಾಲೊರೆಸು, ಈ ಮೂರೂ ಹತ್ತೊಂಬತ್ತು-ಇಪ್ಪತ್ತರ ಆಸುಪಾಸಿನಲ್ಲಿ. ಆಯಿಯನ್ನು ಬೀಳಿಸಿದ ಬಿರುಕು ರಬ್ಬರಿನದೂ ಅಷ್ಟೇ, ಹತ್ತೊಂಬತ್ತು. ಅಂದರೆ ರಬ್ಬರು ಇದ್ದೂ ಇಲ್ಲದಂತೆ. ಪೇಟೆಯಿಂದ ತಂದ ಹೊಸ ರಬ್ಬರ್ ತಳದ ಕಾಲೊರೆಸು ಮಾತ್ರ ಮೂವತ್ತಾರು ಸೆಂಟಿಮೀಟರಿನ ತನಕ ಅಲ್ಲಾಡಲಿಲ್ಲ.

ನಮಗೆ ಆಶ್ಚರ್ಯವಾದ ಸಂಗತಿಗಳು ಎರಡು.

ಮೊದಲನೆಯದು ಭಾರದ್ದು. ದಪ್ಪ ಕಂಬಳಿ, ದಪ್ಪ ಜಮಖಾನೆ ಜಾರುವುದಿಲ್ಲ ಎಂದೇ ಎಲ್ಲರೂ ಹೇಳುತ್ತಾರೆ. ಜೋಳದ ಗಂಟಿನ ಮೇಲೆ ಇನ್ನೊಂದು ಗಂಟು ಕಟ್ಟಿದರೂ ತುಂಡು ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಜಾರಿತು. ಭಾರ ಹೆಚ್ಚಾದರೆ ಒತ್ತುವ ಬಲವೂ ಹೆಚ್ಚುತ್ತದೆ, ಜಾರಿಸುವ ಬಲವೂ ಅಷ್ಟೇ ಹೆಚ್ಚುತ್ತದೆ, ಲೆಕ್ಕ ಚುಕ್ತಾ. ದೊಡ್ಡ ಜಮಖಾನೆ ಜಾರದಿರುವುದು ನಿಜ. ಆದರೆ ಅದಕ್ಕೆ ಕಾರಣ ಬೇರೆ. ನಾವು ಅದರ ಒಂದು ಮೂಲೆಯ ಮೇಲೆ ಕಾಲಿಡುತ್ತೇವೆ, ಉಳಿದ ಹಾಸೆಲ್ಲ ತನ್ನ ಭಾರದಿಂದ, ಮೇಲೆ ಕುಳಿತವರ ಭಾರದಿಂದ, ಮಂಚದ ಕಾಲಿನಿಂದ ಹಿಂದೆ ಹಿಡಿದುಕೊಂಡಿರುತ್ತದೆ. ಸಣ್ಣ ಕಾಲೊರೆಸಿಗೆ ಹಿಡಿಯುವವರು ಯಾರೂ ಇಲ್ಲ. ಇಡೀ ಹಾಸು ನಮ್ಮ ಒಂದು ಪಾದದ ಕೆಳಗಿರುತ್ತದೆ, ಹೋದರೆ ಇಡಿಯಾಗಿ ಹೋಗುತ್ತದೆ. ಮನೆಯಲ್ಲಿ ಅತಿ ಸಣ್ಣ ಹಾಸೇ ಅತಿ ಅಪಾಯದ್ದು. ನಾವು ಅದನ್ನೇ ಬಚ್ಚಲ ಮುಂದೆ, ಒದ್ದೆ ಜಾಗದಲ್ಲಿ ಇಡುತ್ತೇವೆ.

ಎರಡನೆಯದು ಧೂಳಿನದು. ಹೊಸ ರಬ್ಬರಿನ ತಳಕ್ಕೆ ಒಂದು ಚಿಟಿಕೆ ಜೋಳದ ಹಿಟ್ಟು ಸವರಿ ಮತ್ತೆ ಇಟ್ಟೆವು. ಮೂವತ್ತಾರಕ್ಕೆ ಜಗ್ಗದ ರಬ್ಬರು ಇಪ್ಪತ್ತೊಂದಕ್ಕೆ ಜಾರಿತು. ತೊಳೆದು ಒಣಗಿಸಿದ ಮೇಲೆ ಮತ್ತೆ ಮೊದಲಿನಂತೆ ನಿಂತಿತು. ರಬ್ಬರಿನ ಹಿಡಿತ ಇರುವುದು ಅದು ನೆಲವನ್ನು ನೇರವಾಗಿ ಮುಟ್ಟಿದಾಗ ಮಾತ್ರ. ನಡುವೆ ಹಿಟ್ಟು, ಮಣ್ಣು, ಕೂದಲು ಬಂದರೆ ರಬ್ಬರು ನೆಲವನ್ನು ಮುಟ್ಟುವುದೇ ಇಲ್ಲ. ನಮ್ಮಂಥ ಎರೆ ಸೀಮೆಯಲ್ಲಿ, ದಿನಕ್ಕೆ ಎರಡು ಸಲ ಕಸ ಹೊಡೆದರೂ ಧೂಳು ಬಂದು ಕೂರುವಲ್ಲಿ, ಇದು ಸಣ್ಣ ಮಾತಲ್ಲ.

ನೀರು ಹಾಕಿಯೂ ನೋಡಿದೆವು. ಬರೀ ನೀರಿಗೆ ಒದ್ದೆ ಹತ್ತಿ ಟೈಲ್ಸಿಗೆ ಅಂಟಿಕೊಂಡಿತು, ಒಣ ಹತ್ತಿಗಿಂತ ಚೆನ್ನಾಗಿ ನಿಂತಿತು. ಆದರೆ ಸಾಬೂನಿನ ನೀರಿಗೆ ಯಾವುದೂ ನಿಲ್ಲಲಿಲ್ಲ. ಹೊಸ ರಬ್ಬರು ಕೂಡ ಹನ್ನೆರಡಕ್ಕೆ ಜಾರಿತು, ಪ್ಲಾಸ್ಟಿಕ್ ಚಾಪೆಗಿಂತ ಕಡೆ. ಸ್ನಾನ ಮುಗಿಸಿ ಬರುವ ಕಾಲಿನಿಂದ ಇಳಿಯುವುದು ಬರೀ ನೀರಲ್ಲ, ಸಾಬೂನಿನ ನೀರು. ಅದು ಕಾಲೊರೆಸಿನ ಅಂಚಿನಿಂದ ಕೆಳಗೆ ಇಳಿದರೆ ಮುಗಿಯಿತು.

ಇಷ್ಟು ತಿಳಿದ ಮೇಲೆ ಅಟ್ಟದಿಂದ ಜಮಖಾನೆ ಇಳಿಸಿದೆವು. ಅಪ್ಪ ಒಪ್ಪಿರಲಿಲ್ಲ. 'ಮತ್ತ ಬಿದ್ದರ ಯಾರು ಜವಾಬ್ದಾರಿ?' ಎಂದ. ಜಾರದಂತೆ ಮಾಡಿಯೇ ಹಾಸುತ್ತೇವೆ ಎಂದು ಹೇಳಿ ಅಡಿಹಾಸು ಹುಡುಕಲು ಹೊರಟೆವು. ಅಡಿಹಾಸು ಅಂದರೆ ಹಾಸಿನ ಕೆಳಗೆ, ನೆಲದ ಮೇಲೆ ಇನ್ನೊಂದು ತೆಳು ಹಾಸು, ಅಂಗಡಿಯವರು ಅಂಡರ್‌ಲೇ ಅನ್ನುವುದು. ಸರಿಯಾದದ್ದು ಸಿಗುವ ಮೊದಲು ಎರಡು ಸಲ ಎಡವಿದೆವು, ಅದನ್ನೂ ಹೇಳಿಬಿಡುತ್ತೇವೆ.

ಮೊದಲು ಮನೆಯ ಹಳೆ ಕಂಬಳಿಯನ್ನು ಕೆಳಗೆ ಹಾಸಿ ಮೇಲೆ ಜಮಖಾನೆ ಹಾಕಿದೆವು. ಕಾಲಿಗೆ ಮೆತ್ತಗೆ, ಬೆಚ್ಚಗೆ. ಆಯಿಗೆ ಬಲು ಇಷ್ಟವಾಯಿತು. ಆದರೆ ನಾವು ನಿಂತು ತಿರುಗಿದರೆ ಕಂಬಳಿ ಜಮಖಾನೆ ಎರಡೂ ಸೇರಿ ಟೈಲ್ಸಿನ ಮೇಲೆ ತಿರುಗಿದವು. ಜಮಖಾನೆ ಕಂಬಳಿಯನ್ನು ಗಟ್ಟಿಯಾಗಿ ಹಿಡಿದಿತ್ತು, ಕಂಬಳಿ ನೆಲವನ್ನು ಹಿಡಿದಿರಲಿಲ್ಲ. ಉಣ್ಣೆಯಂಥ ಮೆತ್ತನೆಯ ಅಡಿಹಾಸು ಕಾಲಿಗೆ ಸುಖ ಕೊಡುತ್ತದೆ, ಮೇಲಿನ ಹಾಸಿನ ಸವೆತ ಕಡಿಮೆ ಮಾಡುತ್ತದೆ, ನುಣುಪು ನೆಲದ ಮೇಲೆ ಜಾರುವುದನ್ನು ಮಾತ್ರ ತಡೆಯುವುದಿಲ್ಲ. ಪೇಟೆಯಲ್ಲಿ ಒಂದು ಕಡೆ ಫೆಲ್ಟು, ಇನ್ನೊಂದು ಕಡೆ ರಬ್ಬರು ಇರುವ ಅಡಿಹಾಸು ಸಿಗುತ್ತದೆ. ಅದನ್ನು ರಬ್ಬರು ಕೆಳಗೆ, ಫೆಲ್ಟು ಮೇಲೆ ಬರುವಂತೆ ಹಾಕಬೇಕು. ತಿರುಗಾ ಹಾಕಿದರೆ ನಮ್ಮ ಕಂಬಳಿಯ ಕತೆಯೇ.

ಆಮೇಲೆ ಪ್ಯಾಕಿಂಗಿಗೆ ಬರುವ ದಪ್ಪ ಫೋಮ್ ಹಾಳೆ ತಂದು ಹಾಕಿದೆವು. ಅದು ನೆಲವನ್ನೂ ತಕ್ಕಮಟ್ಟಿಗೆ ಹಿಡಿಯಿತು. ಆದರೆ ಬೆರಳು ದಪ್ಪ. ಕಾಲಿಟ್ಟಲ್ಲಿ ಒಳಗೆ ಇಳಿಯುತ್ತದೆ, ಪಕ್ಕದಲ್ಲಿ ಜಮಖಾನೆ ಉಬ್ಬಿ ಮಡಿಕೆಯಾಗುತ್ತದೆ, ಅಂಚು ನೆಲದಿಂದ ಮೇಲೆ ನಿಲ್ಲುತ್ತದೆ. ಆಯಿ ಕಾಲೆತ್ತಿ ನಡೆಯುವುದಿಲ್ಲ, ವಯಸ್ಸಾದವರು ಬಹಳ ಮಂದಿ ಹಾಗೆಯೇ ನೆಲ ಸವರುತ್ತ ನಡೆಯುತ್ತಾರೆ. ಎರಡನೇ ದಿನವೇ ಆಕೆಯ ಹೆಬ್ಬೆರಳು ಅಂಚಿಗೆ ಸಿಕ್ಕಿತು. ನಮ್ಮಲ್ಲೊಬ್ಬರು ಪಕ್ಕದಲ್ಲೇ ಇದ್ದೆವು, ತೋಳು ಹಿಡಿದೆವು. ಆ ಹೊತ್ತು ಎದೆ ಹೊಡೆದುಕೊಂಡದ್ದು ಇನ್ನೂ ನೆನಪಿದೆ. ಜಾರುವುದನ್ನು ತಪ್ಪಿಸಲು ಹೋಗಿ ಎಡವುವುದನ್ನು ತಂದಿಟ್ಟಿದ್ದೆವು. ಆ ಫೋಮನ್ನು ಅಂದೇ ಕರುವಿನ ಕೊಟ್ಟಿಗೆಗೆ ಸಾಗಿಸಿದೆವು.

ಕಡೆಗೆ ಕೆಲಸಕ್ಕೆ ಬಂದದ್ದು ಜಾಳಿಗೆಯಂಥ ತೆಳು ಅಡಿಹಾಸು. ಪೇಟೆಯಲ್ಲಿ ಆಂಟಿ ಸ್ಕಿಡ್ ಮ್ಯಾಟ್ ಎಂದು ಕೇಳಿದರೆ ರೋಲಿನಿಂದ ಕತ್ತರಿಸಿ ಕೊಡುತ್ತಾರೆ. ಒಳಗೆ ದಾರದ ಬಲೆ, ಅದಕ್ಕೆ ಮೆತ್ತನೆಯ ಪಿವಿಸಿ ಫೋಮ್ ಲೇಪ, ನಡುನಡುವೆ ಕಿಂಡಿ. ದಪ್ಪ ಎರಡು ಮೂರು ಮಿಲಿಮೀಟರು ಅಷ್ಟೇ. ಮುಟ್ಟಿದರೆ ತುಸು ಅಂಟಂಟು ಅನಿಸುತ್ತದೆ, ಗೋಂದು ಮಾತ್ರ ಇರುವುದಿಲ್ಲ. ಕಿಂಡಿಗಳಿರುವುದರಿಂದ ಗಾಳಿಯಾಡುತ್ತದೆ, ಕೆಳಗೆ ತೇವ ನಿಲ್ಲುವುದು ಕಡಿಮೆ. ಅಡ್ಡ ಎತ್ತಿದ ಟೈಲ್ಸಿನ ಮೇಲೆ ಇದನ್ನಿಟ್ಟು ಜಮಖಾನೆಯ ಮೂಲೆ ಹಾಕಿ ನೋಡಿದೆವು. ಹದಿನೆಂಟಕ್ಕೆ ಜಾರುತ್ತಿದ್ದದ್ದು ಮೂವತ್ತೈದರ ತನಕ ನಿಂತಿತು.

ಕತ್ತರಿಸುವುದರಲ್ಲೊಂದು ಲೆಕ್ಕವಿದೆ. ಜಾಳಿಗೆ ಹಾಸಿನಷ್ಟೇ ದೊಡ್ಡದಿರಬಾರದು. ನಾಲ್ಕೂ ಕಡೆ ಒಂದೊಂದು ಇಂಚು ಒಳಗಿರಬೇಕು. ಹೀಗಿದ್ದರೆ ಜಮಖಾನೆಯ ಅಂಚು ನೆಲಕ್ಕೆ ಒರಗಿ ಮಲಗುತ್ತದೆ, ಕಾಲಿಗೆ ತಾಗುವ ಮೆಟ್ಟಿಲಾಗುವುದಿಲ್ಲ. ನಮ್ಮ ಮೂರು ಅಡಿಗೆ ಆರು ಅಡಿಯ ಜಮಖಾನೆಗೆ ಮೂವತ್ತನಾಲ್ಕು ಇಂಚು ಅಗಲ, ಎಪ್ಪತ್ತು ಇಂಚು ಉದ್ದ ಕತ್ತರಿಸಿದೆವು. ಎರಡು ಇಂಚಿಗಿಂತ ಹೆಚ್ಚು ಒಳಗೆ ಹೋದರೂ ತಪ್ಪೇ, ಆಗ ಹಿಡಿತವಿಲ್ಲದ ಅಂಚು ಸುರುಳಿ ಸುತ್ತಿ ಮೇಲೇಳುತ್ತದೆ. ಎರಡು ತುಂಡು ಜೋಡಿಸುವ ಪ್ರಸಂಗ ಬಂದರೆ ಒಂದರ ಮೇಲೊಂದು ಹತ್ತಿಸದೆ ಅಂಚಿಗೆ ಅಂಚು ಕೂಡಿಸಿ ಇಡಿ.

ಹಾಸುವ ಮೊದಲು ನೆಲವನ್ನು ಒಣಬಟ್ಟೆಯಿಂದಲ್ಲ, ಬರೀ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಲು ಬಿಟ್ಟೆವು. ನೆಲ ಒರೆಸುವ ಸುವಾಸನೆಯ ದ್ರವವನ್ನು ಹೆಚ್ಚು ಹಾಕಿದರೆ ಅದರ ಪೊರೆ ಟೈಲ್ಸಿನ ಮೇಲೆ ಉಳಿದು ಜಾಳಿಗೆಯ ಹಿಡಿತವನ್ನೇ ಕೆಡಿಸುತ್ತದೆ.

ಪರೀಕ್ಷೆ ಮಾಡುವ ವಿಧಾನವನ್ನು ಆಯಿಯೇ ಕಂಡುಹಿಡಿದಳು. ಮಂಚದ ಮೇಲೆ ಕುಳಿತು ಕೋಲಿನ ತುದಿಯನ್ನು ಜಮಖಾನೆಗೆ ಊರಿ ಮುಂದೆ ನೂಕಿದಳು. ಅಲ್ಲಾಡಲಿಲ್ಲ. ಪಕ್ಕಕ್ಕೆ ನೂಕಿದಳು. ಅಲ್ಲಾಡಲಿಲ್ಲ. 'ಈಗ ಕುಂತದ ನೋಡು' ಎಂದು ಇಳಿದಳು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. ಎರಡು ತಿಂಗಳು ಕಳೆಯುವಷ್ಟರಲ್ಲಿ ಕೋಲಿನ ಪರೀಕ್ಷೆ ಫೇಲಾಯಿತು. ಒಂದು ಬೆಳಿಗ್ಗೆ ಆಯಿ ಕರೆದು, 'ಬರ್ರಿ ಇಲ್ಲಿ, ಮತ್ತ ಸರಿಯಾಕ ಹತ್ತೇತಿ' ಎಂದಳು. ಎತ್ತಿ ನೋಡಿದರೆ ಜಾಳಿಗೆಯ ಕಿಂಡಿ ಕಿಂಡಿಯಲ್ಲೂ ಸಣ್ಣ ಮಣ್ಣು, ತಳದ ತುಂಬ ಧೂಳಿನ ಪದರ. ಜೋಳದ ಹಿಟ್ಟಿನ ಪಾಠವನ್ನು ನಾವೇ ಮರೆತಿದ್ದೆವು. ತಣ್ಣೀರಿನಲ್ಲಿ ತುಸು ಸಾಬೂನು ಹಾಕಿ ಕೈಯಲ್ಲಿ ಸವರಿ ತೊಳೆದು, ಸಾಬೂನು ಪೂರ್ತಿ ಹೋಗುವ ತನಕ ಜಾಲಿಸಿ, ನೆರಳಲ್ಲಿ ಒಣಗಿಸಿ ಮತ್ತೆ ಹಾಸಿದೆವು. ಹಿಂಡಬಾರದು, ಒಳಗಿನ ಬಲೆಯಿಂದ ಫೋಮ್ ಬಿಟ್ಟುಕೊಳ್ಳುತ್ತದೆ. ಬಿಸಿಲಿಗೂ ಹಾಕಬಾರದು. ಹಿಡಿತ ಮರಳಿ ಬಂತು. ಈಗ ವಾರಕ್ಕೊಮ್ಮೆ ಎತ್ತಿ ಕೊಡವುತ್ತೇವೆ, ತಿಂಗಳಿಗೊಮ್ಮೆ ತೊಳೆಯುತ್ತೇವೆ. ತೊಳೆದು ಒಣಗಿಸಿದ ಮೇಲೂ ಹಿಡಿತ ಬರದಿದ್ದರೆ, ಅಥವಾ ಬೆರಳಿಗೆ ಚೂರು ಚೂರಾಗಿ ಉದುರಿದರೆ, ಅದರ ಆಯುಷ್ಯ ಮುಗಿಯಿತು ಎಂದರ್ಥ.

ಒಂದು ಎಚ್ಚರಿಕೆ. ಟೈಲ್ಸಿನ ಮೇಲೆ ಇದರಿಂದ ತೊಂದರೆ ಕಾಣಲಿಲ್ಲ. ಆದರೆ ರೋಲಿನಲ್ಲಿ ಬರುವ ವಿನೈಲ್ ನೆಲಹಾಸಿನ ಮೇಲೆ ರಬ್ಬರು ಬಹಳ ದಿನ ಕುಳಿತರೆ ಹಳದಿ ಕಲೆ ಬೀಳುತ್ತದೆ, ತಿಕ್ಕಿದರೂ ಹೋಗುವುದಿಲ್ಲ. ಪಾಲಿಶ್ ಹಚ್ಚಿದ ಕೆಂಪು ನೆಲದ ಮನೆಯವರು ಮೊದಲು ಮಂಚದ ಕೆಳಗೆ, ಕಾಣದ ಮೂಲೆಯಲ್ಲಿ ಒಂದು ತುಂಡು ಇಟ್ಟು ಕೆಲವು ವಾರ ಬಿಟ್ಟು ನೋಡುವುದು ಒಳ್ಳೆಯದು. ಎರಡು ಕಡೆ ಗೋಂದಿರುವ ಟೇಪು ಅಂಟಿಸಲು ಕೆಲವರು ಹೇಳಿದರು. ಅದು ಹಿಡಿಯುತ್ತದೆ ನಿಜ, ಕೀಳುವಾಗ ಗೋಂದು ನೆಲಕ್ಕೂ ಜಮಖಾನೆಗೂ ಉಳಿದು ಮಣ್ಣು ಹಿಡಿಯುತ್ತದೆ. ವಾರಕ್ಕೊಮ್ಮೆ ಎತ್ತಬೇಕಾದ ಹಾಸಿಗೆ ಅದು ಹೊಂದುವುದಿಲ್ಲ.

ಇನ್ನು ಬಾಳಿಕೆಯ ಮಾತು. ಯಾವ ಹಾಸು ಎಷ್ಟು ಕಾಲ ಬರುತ್ತದೆ ಎಂದು ಕೇಳಿದರೆ, ಎಲ್ಲಿ ಹಾಸುತ್ತೀರಿ ಎಂದು ತಿರುಗಿ ಕೇಳಬೇಕಾಗುತ್ತದೆ.

ಹತ್ತಿಯ ಒಂದು ಗುಣ ನಮಗೆ ಹಿಡಿಸಿದ್ದು, ಅದು ಒದ್ದೆಯಾದಾಗ ಒಣಗಿದ್ದಕ್ಕಿಂತ ಗಟ್ಟಿಯಾಗಿರುತ್ತದೆ. ಅದಕ್ಕೇ ಜಮಖಾನೆಯನ್ನು ಅಷ್ಟು ವರ್ಷ ಕೆರೆಯ ಕಲ್ಲಿಗೆ ಬಡಿದು ಒಗೆದರೂ ಹರಿದಿಲ್ಲ. ಸೆಣಬಿನ ಗೋಣಿ ತಟ್ಟು ಇದಕ್ಕೆ ತದ್ವಿರುದ್ಧ, ಒದ್ದೆಯಾದರೆ ಅದರ ಬಲ ಕುಂದುತ್ತದೆ, ಒದ್ದೆಯಲ್ಲೇ ಬಿಟ್ಟರೆ ಕೊಳೆಯುತ್ತದೆ. ಬಚ್ಚಲ ಮುಂದೆ ಗೋಣಿಚೀಲ ಹಾಸುವ ರೂಢಿ ನಮ್ಮೂರಲ್ಲಿ ಇನ್ನೂ ಇದೆ. ಫರಸಿಯ ಮೇಲೆ ನಡೆದುಹೋಯಿತು, ಟೈಲ್ಸಿನ ಮೇಲೆ ಅದು ಬೇಡ. ತೆಂಗಿನ ನಾರು ತೇವಕ್ಕೆ ಸೆಣಬಿನಷ್ಟು ಬೇಗ ಸೋಲುವುದಿಲ್ಲ, ಚಪ್ಪಲಿಯ ಮಣ್ಣನ್ನು ಕೆರೆದು ತೆಗೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಅದರ ಜಾಗ ತಲೆಬಾಗಿಲ ಹೊರಗೆ, ಒರಟು ಕಲ್ಲಿನ ಮೇಲೆ. ಹೊರಗೂ ಟೈಲ್ಸು ಹಾಕಿಸಿದವರು ತಳಕ್ಕೆ ದಪ್ಪ ಪಿವಿಸಿ ಇರುವ ನಾರಿನ ಕಾಲೊರೆಸನ್ನೇ ತರಬೇಕು. ಕಂಬಳಿ ಬೆಚ್ಚಗೆ, ಆದರೆ ಮಡಚಿ ಕತ್ತಲಲ್ಲಿ ಇಟ್ಟರೆ ನುಸಿ ಬಿಡುವುದಿಲ್ಲ. ಪ್ಲಾಸ್ಟಿಕ್ ಚಾಪೆಗೆ ನೀರಿನ ಭಯವಿಲ್ಲ, ಹುಳದ ಭಯವಿಲ್ಲ, ಬಿಸಿಲಿನದೊಂದೇ ಭಯ. ಮಾಳಿಗೆಯ ಮೇಲೆ ಸಂಡಿಗೆ ಹಾಕಲು ಒಂದೆರಡು ಬೇಸಿಗೆ ಬಳಸಿದರೆ ಮುರುಕಲಾಗಿ ಸಿಬಿರು ಏಳುತ್ತದೆ. ಮನೆಯೊಳಗೆ ಟೈಲ್ಸಿನ ಮೇಲೆ ಊಟಕ್ಕೆ ಹಾಸಿದರೆ, ಊಟವಾದ ತಕ್ಷಣ ಸುತ್ತಿ ಗೋಡೆಗೆ ನಿಲ್ಲಿಸಿ. ಅದರ ಮೇಲೆ ಹುಡುಗರು ಓಡುವುದನ್ನು ನೋಡಿದರೆ ನಮಗೆ ಈಗ ಭಯವಾಗುತ್ತದೆ.

ಇವೆಲ್ಲವನ್ನೂ ಸವೆಸುವ ವೈರಿ ಒಂದೇ, ಮರಳು. ಹಾಸಿನ ಎಳೆಗಳ ನಡುವೆ ಇಳಿದ ಮರಳಿನ ಕಣಕ್ಕೆ ಚೂಪು ಅಂಚಿರುತ್ತದೆ. ಮೇಲಿನಿಂದ ಕಾಲು ಒತ್ತುತ್ತದೆ, ಕೆಳಗಿನಿಂದ ಟೈಲ್ಸು ಒತ್ತುತ್ತದೆ, ನಡುವೆ ಎಳೆ ಕತ್ತರಿಸುತ್ತ ಹೋಗುತ್ತದೆ. ಹಾಸು ಅತ್ತಿತ್ತ ಸರಿದಾಡುತ್ತಿದ್ದರಂತೂ ಬೀಸುವ ಕಲ್ಲಿನೊಳಗೆ ಹಾಕಿದಂತೆ. ಅಡಿಹಾಸು ಹಾಕಿದ ಮೇಲೆ ಸರಿದಾಟ ನಿಂತಿತು, ಒತ್ತಡವೂ ತುಸು ಮೆತ್ತಗಾಯಿತು. ಜಾರದಿರಲಿ ಎಂದು ಹಾಕಿದ್ದು ಜಮಖಾನೆಯ ಆಯುಷ್ಯವನ್ನೂ ಕಾಯುತ್ತಿದೆ. ಜಮಖಾನೆಗೆ ಎರಡೂ ಮುಖ ಒಂದೇ. ಹಾಗಾಗಿ ತಿಂಗಳಿಗೊಮ್ಮೆ ಜಾಳಿಗೆ ತೊಳೆಯುವ ದಿನ ಅದನ್ನು ಬೋರಲು ಮಾಡಿ, ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿ ಹಾಸುತ್ತೇವೆ. ಆಯಿ ಮಂಚದಿಂದ ಇಳಿದು ಕಾಲಿಡುವುದು ಯಾವಾಗಲೂ ಒಂದೇ ಜಾಗದಲ್ಲಿ, ಆ ಸವೆತ ನಾಲ್ಕು ಕಡೆಗೂ ಹಂಚಿಹೋಗಲಿ ಎಂದು.

ಬಚ್ಚಲ ಬಾಗಿಲಿಗೆ ಮಾತ್ರ ಜಾಳಿಗೆ ಹಾಕಲಿಲ್ಲ. ಅಲ್ಲಿ ನೀರು ಇಳಿಯುತ್ತದೆ, ಎರಡು ಪದರ ಇದ್ದರೆ ನಡುವೆ ಸಾಬೂನು ನೀರು ನಿಲ್ಲುತ್ತದೆ. ಅಲ್ಲಿಗೆ ತಳದ ತುಂಬ ರಬ್ಬರಿರುವ ಹತ್ತಿಯ ಕಾಲೊರೆಸು ಎರಡು ತಂದೆವು. ಒಂದು ನೆಲದ ಮೇಲೆ, ಇನ್ನೊಂದು ನೆರಳಿನ ಹಗ್ಗದ ಮೇಲೆ. ಎಲ್ಲರ ಸ್ನಾನ ಮುಗಿದ ಮೇಲೆ ಎತ್ತಿ, ನೆಲ ಒರೆಸಿ, ಒಣಗಿದ ಮೇಲೆ ಇನ್ನೊಂದನ್ನು ಹಾಕುವುದು. ಒಗೆಯುವುದು ತಣ್ಣೀರಿನಲ್ಲಿ, ಸೋಡಾ ಇಲ್ಲದೆ. ಅವ್ವನಿಗೆ ಇದು ಒಗೆದಂತೆಯೇ ಅನಿಸುವುದಿಲ್ಲ, ಈಗಲೂ ಗೊಣಗುತ್ತಾಳೆ. ತಿಂಗಳಿಗೊಮ್ಮೆ ತಳವನ್ನು ಹೊರಕ್ಕೆ ಮಡಚಿ ಬಿರುಕು ಬಂದಿದೆಯೇ ಎಂದು ನೋಡುತ್ತೇವೆ. ಬಚ್ಚಲ ಒಳಗೆ ಹಾಸು ಬೇಡವೇ ಬೇಡ ಎಂದು ಬಿಟ್ಟೆವು. ತಳದಲ್ಲಿ ಬಟ್ಟಲಿನಂಥ ಕಪ್ಪು ಇರುವ ಪ್ಲಾಸ್ಟಿಕ್ ಮ್ಯಾಟು ಒಂದನ್ನು ಅಂಗಡಿಯವರು ತೋರಿಸಿದ್ದರು. ಅದು ಗಾಳಿ ಹೊರಹಾಕಿ ಅಂಟಿಕೊಳ್ಳುವುದು ನುಣುಪು ನೆಲಕ್ಕೆ ಮಾತ್ರ. ನಮ್ಮ ಬಚ್ಚಲಿನದು ಒರಟು ಟೈಲ್ಸು, ಅಲ್ಲಿ ಗಾಳಿ ಒಳಗೆ ನುಗ್ಗುತ್ತದೆ, ಕಪ್ಪು ಹಿಡಿಯುವುದಿಲ್ಲ. ಒರಟು ಟೈಲ್ಸೇ ಸಾಕು, ಗೋಡೆಗೆ ಹಿಡಿಯಲು ಒಂದು ಸ್ಟೀಲಿನ ಹಿಡಿಕೆ ಹಾಕಿಸಿದೆವು.

ಅಪ್ಪ ಈಗಲೂ ಪೂರ್ತಿ ಒಪ್ಪಿಲ್ಲ. ಪಡಸಾಲೆ ದಾಟುವಾಗ ಜಮಖಾನೆಯ ಅಂಚನ್ನು ಒಂದು ಸಲ ಕಾಲಿನಿಂದ ಒತ್ತಿ ನೋಡಿಯೇ ಮುಂದೆ ಹೋಗುತ್ತಾನೆ. ಆಯಿಯ ಪ್ಲಾಸ್ಟರು ಬಿಚ್ಚಿ ಬಹಳ ದಿನವಾಯಿತು. ಮಣಿಕಟ್ಟು ತುಸು ಸೊಟ್ಟಗೆ ಕೂಡಿದೆ, ರೊಟ್ಟಿ ಬಡಿಯಲು ಮೊದಲಿನಂತೆ ಆಗುವುದಿಲ್ಲ. ಜಾಳಿಗೆ ತೊಳೆದು ಹಗ್ಗಕ್ಕೆ ಹಾಕಿದ ದಿನ ಜಮಖಾನೆ ಸುತ್ತಿ ಮಂಚದ ಮೇಲೆ ಇಟ್ಟಿರುತ್ತೇವೆ. ಆ ದಿನ ಆಯಿ ಕೋಲು ಹಿಡಿದು ಮಂಚದ ಮೇಲೆಯೇ ಕುಳಿತಿರುತ್ತಾಳೆ. ಗಂಟೆಗೊಮ್ಮೆ ಹಿತ್ತಲ ಕಡೆ ಮುಖ ಮಾಡಿ ಕೂಗುತ್ತಾಳೆ: 'ಆರೇತೇನ್ರಿ ಅದು? ಆರೇತೇನು?'